ರೆಸಾರ್ಟ್ ಹೋರ್ಡಿಂಗ್‌ನಲ್ಲಿ ನನ್ನ ಫೋಟೊ: ಬಳಕೆ ಶುಲ್ಕ ಕೈಗೆ ಬರಲು ಹಿಡಿದ ಏಳು ತಿಂಗಳು

ಕಳೆದ ವಾರ ಫಾರ್ಮ್ 16ಎ ಬಂತು, ನನಗೆ ಬಂದ ದುಡ್ಡಿನಲ್ಲಿ ಹಿಡಿದ ತೆರಿಗೆಗೆ ದಾಖಲೆ ಅದು. 2025ರ ಜನವರಿಯಲ್ಲಿ ಶುರುವಾದ ಒಂದು ಗೋಳು ಅಲ್ಲಿಗೆ ಮುಗಿಯಿತು. ಈ ಏಳು ತಿಂಗಳಲ್ಲಿ ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು, ಯಾವ ಕಾಗದ ಇಟ್ಟುಕೊಳ್ಳಬೇಕು ಅಂತ ಗೊತ್ತಿಲ್ಲದೆ ಒದ್ದಾಡಿದ್ದೇನೆ. ನಮ್ಮ ಕಡೆ ಹೋಂಸ್ಟೇ, ರೆಸಾರ್ಟು, ಜೇನು, ಕಾಫಿಪುಡಿ ಅಂತ ವ್ಯಾಪಾರ ಜಾಸ್ತಿ ಆಗುತ್ತಿದೆ. ಎಲ್ಲರಿಗೂ ಮಲೆನಾಡಿನ ಫೋಟೊ ಬೇಕು. ಫೋಟೊ ತೆಗೆಯುವ ನಮ್ಮ ಹುಡುಗರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನನ್ನದು ತೀರ್ಥಹಳ್ಳಿಯಲ್ಲಿ ಚಿಕ್ಕ ಸ್ಟುಡಿಯೊ. ಮದುವೆ, ಉಪನಯನ, ಗೃಹಪ್ರವೇಶ, ಇದೇ ಹೊಟ್ಟೆಪಾಡು. ಬಿಡುವಿದ್ದಾಗ ಕ್ಯಾಮೆರಾ ಹಿಡಿದು ಗುಡ್ಡ ಹತ್ತುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಕುಂದಾದ್ರಿಗೆ ಸತತವಾಗಿ ಮೂರು ಬೆಳಗ್ಗೆ ಹೋಗಿದ್ದೆ. ಮೊದಲ ಎರಡು ದಿನ ಬರೀ ಮಂಜು, ಏನೂ ಕಾಣಲಿಲ್ಲ. ಮೂರನೇ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಮಂಜು ಸ್ವಲ್ಪ ಕೆಳಗಿಳಿದು, ಅಡಿಕೆ ತೋಟಗಳ ತಲೆ ಮಾತ್ರ ಮೇಲೆ ಕಾಣುವ ಹಾಗೆ ನಿಂತಿತ್ತು. ನಾಲ್ಕೈದು ನಿಮಿಷ ಅಷ್ಟೇ. ಆಗ ತೆಗೆದ ಫೋಟೊದ್ದೇ ಈ ಕಥೆ.

2023ರ ಆಗಸ್ಟ್‌ನಲ್ಲಿ ಒಂದು ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದರು. ರೆಸಾರ್ಟ್ ಇರುವುದು ನಮ್ಮ ಘಟ್ಟದಲ್ಲೇ, ಆಫೀಸು ಬೆಂಗಳೂರಿನಲ್ಲಿ. ಹೆಸರು ಬೇಡ. "ಆ ಮಂಜಿನ ಫೋಟೊ ನಮ್ಮ ವೆಬ್‌ಸೈಟಿಗೆ ಬೇಕಿತ್ತು ಸರ್, ಎಷ್ಟು ಕೊಡಬೇಕು?" ಅಂದರು. ನನಗೆ ಖುಷಿ. ಅದುವರೆಗೆ ಫೋಟೊ ಕೇಳಿದವರೆಲ್ಲ "ನಿಮ್ಮ ಹೆಸರು ಹಾಕ್ತೀವಿ" ಅಂದವರೇ ಹೊರತು ದುಡ್ಡಿನ ಮಾತೆತ್ತಿದವರು ಇರಲಿಲ್ಲ. ಒಂದು ವರ್ಷಕ್ಕೆ ಎಂಟು ಸಾವಿರ ಅಂದೆ, ಒಪ್ಪಿದರು. ಆವತ್ತು ರಾತ್ರಿ ಒಂದು ಇಮೇಲ್ ಕಳಿಸಿದೆ: "ಈ ಫೋಟೊವನ್ನು ನಿಮ್ಮ ವೆಬ್‌ಸೈಟ್ ಮತ್ತು ಆನ್‌ಲೈನ್ ಪ್ರಚಾರಕ್ಕೆ 1 ಸೆಪ್ಟೆಂಬರ್ 2023ರಿಂದ 12 ತಿಂಗಳು ಬಳಸಬಹುದು, ಶುಲ್ಕ 8,000." ಅವರು "ಓಕೆ, ಕನ್ಫರ್ಮ್ಡ್" ಅಂತ ಉತ್ತರಿಸಿ ದುಡ್ಡು ಹಾಕಿದರು. ಈ ಒಂದೂವರೆ ಸಾಲಿನ ಇಮೇಲ್ ನೆನಪಿಟ್ಟುಕೊಳ್ಳಿ. ಮುಂದೆ ನನ್ನನ್ನು ಉಳಿಸಿದ್ದೂ ಅದೇ, ಒಂದು ಕಡೆ ಸಿಕ್ಕಿಸಿದ್ದೂ ಅದೇ.

2025ರ ಜನವರಿಯಲ್ಲಿ ಮದುವೆ ಆಲ್ಬಮ್ ತರಲು ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗುತ್ತಿದ್ದೆ. ಗಾಜನೂರು ದಾಟಿ ಪೇಟೆ ಹತ್ತಿರ ಬರುವಾಗ ಕಿಟಕಿಯಾಚೆ ದೊಡ್ಡ ಹೋರ್ಡಿಂಗ್ ಕಂಡಿತು. ನನ್ನ ಮಂಜು, ನನ್ನ ಅಡಿಕೆ ತೋಟ, ಮೇಲೆ ರೆಸಾರ್ಟಿನ ಹೆಸರು. ಮೊದಲ ಕ್ಷಣ ನಿಜವಾಗಿ ಹೆಮ್ಮೆ ಆಯಿತು. ಪಕ್ಕದಲ್ಲಿ ಕೂತಿದ್ದವರಿಗೆ "ಅದು ನಂದು" ಅಂತ ಹೇಳಿಯೂ ಬಿಟ್ಟೆ. ಬಸ್ ಸ್ಟ್ಯಾಂಡ್ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಸಂಕಟ ಶುರುವಾಯಿತು. ನಾನು ಹೋರ್ಡಿಂಗಿಗೆ ಕೊಟ್ಟಿರಲಿಲ್ಲ. ಅಲ್ಲದೆ ಒಂದು ವರ್ಷ ಎಂದೋ ಮುಗಿದಿತ್ತು.

ಮನೆಗೆ ಬಂದು ಹುಡುಕಿದರೆ ವೆಬ್‌ಸೈಟಿನಲ್ಲಿ ಫೋಟೊ ಹಾಗೇ ಇದೆ. ಎರಡು ರೂಮ್ ಬುಕಿಂಗ್ ಸೈಟುಗಳಲ್ಲೂ ಅದೇ ಮೊದಲ ಫೋಟೊ. ಪರಿಚಯದ ಟ್ಯಾಕ್ಸಿಯವರ ಹತ್ತಿರ ರೆಸಾರ್ಟಿನ ಬ್ರೋಶರ್ ಸಿಕ್ಕಿತು, ಮುಖಪುಟಕ್ಕೆ ನನ್ನದೇ ಫೋಟೊ.

ಇಲ್ಲಿ ನಾನು ಮಾಡಿದ ಒಂದು ಒಳ್ಳೆ ಕೆಲಸ ಅಂದರೆ ತಕ್ಷಣ ಫೋನ್ ಮಾಡಿ ಜಗಳ ಆಡಲಿಲ್ಲ. ಮೊದಲು ಎಲ್ಲ ದಾಖಲೆ ಮಾಡಿಕೊಂಡೆ. ಮಾರನೇ ದಿನ ಬೈಕಲ್ಲಿ ಹೋಗಿ ಹೋರ್ಡಿಂಗಿನ ಫೋಟೊ ತೆಗೆದೆ. ಹತ್ತಿರದಿಂದ ಒಂದು, ರಸ್ತೆ ಮತ್ತು ಕಿಲೋಮೀಟರ್ ಕಲ್ಲು ಕಾಣುವ ಹಾಗೆ ದೂರದಿಂದ ಒಂದು. ವೆಬ್‌ಸೈಟ್ ಪುಟಗಳ ಸ್ಕ್ರೀನ್‌ಶಾಟನ್ನು ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ ತೆಗೆದು, ಅದೇ ಪುಟಗಳನ್ನು ವೆಬ್ ಪುಟಗಳ ಪ್ರತಿ ತೆಗೆದಿಡುವ web.archive.org ನಲ್ಲಿ ಸೇವ್ ಮಾಡಿಸಿದೆ. ಸ್ಕ್ರೀನ್‌ಶಾಟ್ ನೀವೇ ಮಾಡಿದ್ದು ಅಂತ ಯಾರಾದರೂ ಹೇಳಬಹುದು. ಅಲ್ಲಿ ಉಳಿದ ಪ್ರತಿಯನ್ನು ನಾನು ತಿದ್ದಲು ಬರುವುದಿಲ್ಲ. ನೀವು ಫೋನ್ ಮಾಡಿದ ಕೂಡಲೇ ಅವರು ಫೋಟೊ ತೆಗೆದುಬಿಡಬಹುದು, ಹಾಗಾಗಿ ಈ ಕೆಲಸವೇ ಮೊದಲು.

ಆಮೇಲೆ ಶಿವಮೊಗ್ಗದಲ್ಲಿ ಒಬ್ಬ ವಕೀಲರನ್ನು ಕಂಡೆ. ಸಲಹೆಗೆ 1,500 ತೆಗೆದುಕೊಂಡರು. ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಹೊಸದು. "ಈ ಫೋಟೊ ಅವರು ದುಡ್ಡು ಕೊಟ್ಟು ತೆಗೆಸಿದ್ದಾ, ನೀವೇ ತೆಗೆದಿಟ್ಟಿದ್ದಾ?"

ನಾನೇ ತೆಗೆದಿದ್ದು, ಅವರು ಕೇಳಿದ್ದು ಆಮೇಲೆ ಅಂದೆ. ಅವರಿಗೆ ಸಮಾಧಾನ ಆಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವನೇ ಅದರ ಕರ್ತೃ, ಸಾಮಾನ್ಯವಾಗಿ ಮೊದಲ ಮಾಲೀಕನೂ ಅವನೇ. ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ಇನ್ನೊಬ್ಬರು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೊ ಆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಮಾಲೀಕ ತೆಗೆಸಿದವರೇ. ಅಂದರೆ ರೆಸಾರ್ಟಿನವರು "ಬಂದು ನಮ್ಮ ಜಾಗದ ಫೋಟೊ ತೆಗೆದುಕೊಡಿ" ಅಂತ ದಿನದ ಲೆಕ್ಕದಲ್ಲಿ ಕರೆಸಿದ್ದರೆ ನನ್ನ ಕೈ ಖಾಲಿ. ನಮ್ಮಲ್ಲಿ ತುಂಬಾ ಜನ ಹೋಂಸ್ಟೇ ಶೂಟಿಗೆ ಹೀಗೇ ಬಾಯಿಮಾತಲ್ಲಿ ಹೋಗುತ್ತಾರೆ. ಹೋಗುವ ಮೊದಲೇ "ಹಕ್ಕು ಫೋಟೊಗ್ರಾಫರ್ ಬಳಿ ಉಳಿಯುತ್ತದೆ, ನಿಮಗೆ ಇಂಥ ಬಳಕೆಗೆ ಇಷ್ಟು ಸಮಯ ಅನುಮತಿ" ಅಂತ ಬರೆಸಿಕೊಳ್ಳಿ. ಶೂಟ್ ಆದಮೇಲೆ ಬರೆದರೆ ತಡವಾಯಿತು.

ಎರಡನೆಯದಾಗಿ ಇಮೇಲ್ ಕೇಳಿದರು. ಅದನ್ನು ಓದಿ "12 ತಿಂಗಳು ಅಂತ ಬರೆದಿದ್ದೀರಲ್ಲ, ಬಚಾವಾದಿರಿ" ಅಂದರು. ಅನುಮತಿ ಕೊಡುವಾಗ ಅವಧಿ ಹೇಳದೇ ಹೋದರೆ ಕಾಯ್ದೆ ತಾನೇ ಒಂದು ಅವಧಿ ತುಂಬಿಕೊಳ್ಳುತ್ತದೆ, ಅದು ಐದು ವರ್ಷ. ಪ್ರದೇಶ ಹೇಳದಿದ್ದರೆ ಇಡೀ ಭಾರತ. ಹಕ್ಕಿನ ವರ್ಗಾವಣೆ ಬಗ್ಗೆ 19ನೇ ಸೆಕ್ಷನ್‌ನಲ್ಲಿ ಹೇಳಿರುವ ಇದು, 30ಎ ಮೂಲಕ ಲೈಸೆನ್ಸಿಗೂ ಅನ್ವಯಿಸುತ್ತದೆ. ನಾನು ಬರೀ "ವೆಬ್‌ಸೈಟಿಗೆ ಬಳಸಿಕೊಳ್ಳಿ, 8,000" ಅಂತ ಬರೆದಿದ್ದರೆ 2028ರವರೆಗೆ ವೆಬ್‌ಸೈಟಿನ ಬಗ್ಗೆ ತುಟಿ ಬಿಚ್ಚುವ ಹಾಗಿರಲಿಲ್ಲ. ಎಂಟು ಸಾವಿರಕ್ಕೆ ಐದು ವರ್ಷ!

ಮನೆಯಲ್ಲಿ ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಕ್ಯಾಮೆರಾ ಗೊತ್ತಿಲ್ಲ, ತೋಟ ಗೊತ್ತು. "ಚೇಣಿ ಕೊಟ್ಟ ಹಾಗಾಯ್ತಲ್ಲ ಮಾರಾಯ. ಈ ವರ್ಷದ ಫಸಲು ಅವನದ್ದು. ಮರವೂ ಅವನದ್ದಾ? ಬರೋ ವರ್ಷ ಬಂದು ಅಡಿಕೆ ಕೊನೆ ಇಳಿಸಿದ್ರೆ ಸುಮ್ನೆ ಬಿಡ್ತೀವಾ?" ಅಂದರು. ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದ ನನಗೆ ಆವತ್ತೇ ವಿಷಯ ಸ್ಪಷ್ಟವಾಗಿದ್ದು.

ಈಗ ಎಷ್ಟು ಕೇಳುವುದು? ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಸರ್ಕಾರದ ದರಪಟ್ಟಿ ಅಂತ ಇಲ್ಲ. ಶಿವಮೊಗ್ಗದಲ್ಲಿ ಜಾಹೀರಾತಿಗೆ ಕೆಲಸ ಮಾಡಿ ಅನುಭವ ಇರುವ ಒಬ್ಬ ಹಿರಿಯ ಫೋಟೊಗ್ರಾಫರ್ ಇದ್ದಾರೆ. ಅವರ ಮನೆಯಲ್ಲಿ ಒಂದು ಸಂಜೆ ಪೂರ್ತಿ ಕೂತೆ. ಅವರು ಹೇಳಿದ್ದು ಇಷ್ಟು. ಫೋಟೊಗೆ ಒಂದು ಬೆಲೆ ಅಂತ ಯೋಚಿಸಬೇಡ, ಬಳಕೆಗೆ ಬೆಲೆ ಕಟ್ಟು. ಪ್ರತಿ ಬಳಕೆಯನ್ನೂ ಬೇರೆ ಸಾಲಿನಲ್ಲಿ ಬರೆ. ಒಂದೊಂದರ ಮುಂದೆ ಎಲ್ಲಿ, ಎಷ್ಟು ದೊಡ್ಡದು ಅಥವಾ ಎಷ್ಟು ಪ್ರತಿ, ಎಷ್ಟು ಕಾಲ, ಇವು ಇರಬೇಕು.

ಕಾಲದ ಲೆಕ್ಕದಲ್ಲಿ ನಾನು ತಪ್ಪು ತಿಳಿದಿದ್ದೆ. ವರ್ಷಕ್ಕೆ ಎಂಟು ಸಾವಿರ ಆದರೆ ಮೂರು ತಿಂಗಳಿಗೆ ಎರಡು ಸಾವಿರ ಅಲ್ವಾ ಅಂದುಕೊಂಡಿದ್ದೆ. ಹಾಗಲ್ಲ ಅಂದರು. ಫೋಟೊ ಹೊಸದಾಗಿ ಕಂಡ ಮೊದಲ ದಿನಗಳಲ್ಲೇ ವ್ಯಾಪಾರಕ್ಕೆ ಅದರ ಲಾಭ ಜಾಸ್ತಿ, ಕಾಗದಪತ್ರದ ಕೆಲಸ ಮೂರು ತಿಂಗಳಿಗೂ ಅಷ್ಟೇ, ವರ್ಷಕ್ಕೂ ಅಷ್ಟೇ. ಅವರು ವರ್ಷದ ಶುಲ್ಕವನ್ನು ಒಂದು ಅಂತ ಇಟ್ಟುಕೊಂಡು ಮೂರು ತಿಂಗಳಿಗೆ ಸುಮಾರು 0.4, ಆರು ತಿಂಗಳಿಗೆ 0.6, ಎರಡು ವರ್ಷಕ್ಕೆ 1.7 ಹಿಡಿಯುತ್ತಾರಂತೆ. ಇದು ಅವರ ರೂಢಿ, ನಿಯಮ ಅಲ್ಲ. ನಿಮ್ಮದು ಬೇರೆ ಇರಬಹುದು. ಆದರೆ ಒಂದು ಲೆಕ್ಕ ಅಂತ ಇದ್ದರೆ ಎದುರಿನವರು "ಇದು ಎಲ್ಲಿಂದ ಬಂತು" ಅಂದಾಗ ತಡವರಿಸುವುದಿಲ್ಲ.

ಹೋರ್ಡಿಂಗಿಗೆ ಇನ್ನೊಂದು ದಾರಿ ಹೇಳಿಕೊಟ್ಟರು. ಆ ಜಾಗದ ಬಾಡಿಗೆ ಎಷ್ಟು ಅಂತ ತಿಳಿದುಕೊ. ಅಲ್ಲಿ ಲಕ್ಷ ಖರ್ಚು ಮಾಡುವವರಿಗೆ ಅದರ ಮೇಲೆ ಕೂರುವ ಫೋಟೊಗೆ ಐದನೇ ಒಂದು ಪಾಲು ಕೊಡುವುದು ಭಾರ ಅಲ್ಲ. ಬಾಡಿಗೆ ತಿಳಿದಿದ್ದು ಹೇಗೆ ಗೊತ್ತಾ? ಮ್ಯಾನೇಜರಿಗೆ ಫೋನ್ ಮಾಡಿ "ಹೋರ್ಡಿಂಗ್ ನೋಡಿದೆ ಸರ್, ಚೆನ್ನಾಗಿ ಬಂದಿದೆ" ಅಂದೆ. ಅವರೇ ಖುಷಿಯಲ್ಲಿ "ತಿಂಗಳಿಗೆ ಹದಿನೆಂಟು ಸಾವಿರ ಬಾಡಿಗೆ ಸರ್, ನವೆಂಬರಿಂದ ಮೂರು ತಿಂಗಳಿಗೆ ಹಾಕ್ಸಿದೀವಿ, ಬ್ರೋಶರೂ ಐದು ಸಾವಿರ ಹೊಡ್ಸಿದೀವಿ" ಅಂದರು. ಬಾಡಿಗೆ ಒಟ್ಟು 54,000. ಅದರ ಐದನೇ ಒಂದು ಪಾಲು 10,800. ನಾನು 10,000 ಅಂತ ಬರೆದುಕೊಂಡೆ.

ಕೊನೆಗೆ ಪಟ್ಟಿ ಹೀಗಾಯಿತು. ವೆಬ್‌ಸೈಟ್ ಮತ್ತು ಅವರ ಸೋಶಿಯಲ್ ಮೀಡಿಯಾ ಪುಟಗಳು, 2024ರ ಸೆಪ್ಟೆಂಬರಿನಿಂದ 2025ರ ಆಗಸ್ಟ್‌ವರೆಗೆ ನವೀಕರಣ, 8,000. ಬ್ರೋಶರ್ ಮುಖಪುಟ, 5,000 ಪ್ರತಿ, 7,000. ಒಳಪುಟದ ಚಿಕ್ಕ ಫೋಟೊ ಆಗಿದ್ದರೆ ಮೂರು ಸಾವಿರ ಹಾಕುತ್ತಿದ್ದೆ. ಒಂದು ಹೋರ್ಡಿಂಗ್, ಮೂರು ತಿಂಗಳು, 10,000. ಬುಕಿಂಗ್ ಸೈಟುಗಳು, ಒಂದು ವರ್ಷ, 6,000. ಒಟ್ಟು 31,000. ಇದರಲ್ಲಿ ಹೋರ್ಡಿಂಗ್, ಬ್ರೋಶರ್, ಬುಕಿಂಗ್ ಸೈಟು ಮೂರೂ ಕೇಳದೇ ಬಳಸಿದ್ದು. ಕೇಳಿ ಬಳಸಿದವರಿಗೂ ಕೇಳದೇ ಬಳಸಿದವರಿಗೂ ಒಂದೇ ದರ ಅಂದರೆ ಯಾರೂ ಕೇಳುವುದೇ ಇಲ್ಲ. ಅದಕ್ಕೆ ಆ ಮೂರಕ್ಕೆ ಇನ್ನೊಮ್ಮೆ ಅಷ್ಟೇ, 23,000 ಸೇರಿಸಿದೆ. 54,000.

ಜನವರಿ ಕೊನೆಗೆ ಇಮೇಲ್ ಕಳಿಸಿದೆ. ಮೂರು ವಾರ ಉತ್ತರವೇ ಇಲ್ಲ. ದಿನಾ ಬೆಳಗ್ಗೆ ಎದ್ದು ಮೊದಲು ಫೋನ್ ನೋಡುವುದೇ ಕೆಲಸ ಆಗಿತ್ತು. ಮ್ಯಾನೇಜರ್ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಸಂಬಳಕ್ಕೆ ಇರುವವರು. ಕೊನೆಗೆ ಬೆಂಗಳೂರಿನ ಆಫೀಸಿನಿಂದ ಒಬ್ಬರು ಮಾತಾಡಿದರು. ಒಂದಾದ ಮೇಲೊಂದು ನಾಲ್ಕು ಮಾತು ಹೇಳಿದರು. ಇಂಥದ್ದನ್ನೇ ನಿಮಗೂ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು, "ದುಡ್ಡು ಕೊಟ್ಟಿದ್ದೇವಲ್ಲ, ಫೋಟೊ ನಮ್ಮದೇ." ಇದಕ್ಕೆ ಇಮೇಲೇ ಉತ್ತರ. ಎರಡನೆಯದು, "ನಮ್ಮ ಡಿಸೈನ್ ಏಜೆನ್ಸಿಯವರು ವಾಟ್ಸಾಪಿಂದ ತೆಗೆದುಕೊಂಡಿದ್ದು, ಅದರಲ್ಲಿ ನಿಮ್ಮ ಹೆಸರಿರಲಿಲ್ಲ, ನಿಮ್ಮದೇ ಅಂತ ಏನು ಗ್ಯಾರಂಟಿ?" ವಾಟ್ಸಾಪಲ್ಲಿ ಫೋಟೊ ಆಗಿ ಕಳಿಸಿದರೆ ಫೈಲಿನೊಳಗಿನ ಹೆಸರು, ದಿನಾಂಕ ಎಲ್ಲ ಅಳಿಸಿಹೋಗುತ್ತದೆ, ಅದು ನಿಜ. ಆದರೆ ನನ್ನ ಹತ್ತಿರ ಕ್ಯಾಮೆರಾದ ಮೂಲ ರಾ ಫೈಲ್ ಇತ್ತು. ಅದಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಅದರ ಹಿಂದಿನ, ಮುಂದಿನ ಫ್ರೇಮುಗಳು. ಮಂಜು ಸ್ವಲ್ಪ ಸ್ವಲ್ಪವೇ ಇಳಿಯುವ ಹದಿನೇಳು ಫ್ರೇಮು ಸಾಲಾಗಿ ಕಳಿಸಿದೆ. ಕದ್ದವರ ಹತ್ತಿರ ಒಂದೇ ಫೋಟೊ ಇರುತ್ತದೆ, ತೆಗೆದವನ ಹತ್ತಿರ ಆ ಬೆಳಗ್ಗೆ ಪೂರ್ತಿ ಇರುತ್ತದೆ. ಜಾಗ ತುಂಬಿತು ಅಂತ ಉಳಿದ ಫ್ರೇಮುಗಳನ್ನು ಅಳಿಸಬೇಡಿ ದಯವಿಟ್ಟು.

ಮೂರನೆಯದು, "ಕಾಪಿರೈಟ್ ರಿಜಿಸ್ಟ್ರೇಶನ್ ಸರ್ಟಿಫಿಕೇಟ್ ಕಳಿಸಿ." ಇದಕ್ಕೆ ನಾನು ಹೆದರಿಬಿಟ್ಟೆ, ನನ್ನ ಹತ್ತಿರ ಇರಲಿಲ್ಲ. ವಕೀಲರಿಗೆ ಫೋನ್ ಮಾಡಿದರೆ, ನೋಂದಣಿ ಕಡ್ಡಾಯ ಅಲ್ಲ, ಫೋಟೊ ತೆಗೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಬರೀ ಸಾಕ್ಷಿಗೆ ಅನುಕೂಲ ಅಂದರು.

ನಾಲ್ಕನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಆನ್‌ಲೈನ್ ಪ್ರಚಾರಕ್ಕೆ ಅಂತ ನೀವೇ ಬರೆದಿದ್ದೀರಿ. ಬುಕಿಂಗ್ ಸೈಟ್ ಆನ್‌ಲೈನ್ ಅಲ್ಲವಾ?" ನಾನು ಆಗ ಮನಸ್ಸಲ್ಲಿ ಇಟ್ಟುಕೊಂಡಿದ್ದು ಅವರ ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಬರೆದದ್ದು ಮಾತ್ರ ಅಗಲವಾಗಿತ್ತು. ಅವಧಿ ಮುಗಿದಿತ್ತು ಅಂತ ವಾದಿಸಬಹುದಿತ್ತು. ಆದರೆ ಅವರು ಆ ಸೈಟುಗಳಿಗೆ ಫೋಟೊ ಹಾಕಿದ್ದು 2024ರ ಮಾರ್ಚಲ್ಲಿ, ಅಂದರೆ ವರ್ಷದ ಒಳಗೇ. ಆ 6,000ವನ್ನು, ಅದರ ಮೇಲಿನ ದುಪ್ಪಟ್ಟನ್ನು ಕೈಬಿಟ್ಟೆ. ಈಗ ಯಾರಿಗಾದರೂ ಬರೆಯುವಾಗ "ಆನ್‌ಲೈನ್", "ಪ್ರಚಾರ", "ಮಾರ್ಕೆಟಿಂಗ್" ಇಂಥ ಪದ ಹಾಕುವುದೇ ಇಲ್ಲ. ವೆಬ್‌ಸೈಟಿನ ವಿಳಾಸ, ಪುಟದ ಹೆಸರು, ಖಾತೆಯ ಹೆಸರು, ಅಷ್ಟೇ. ಕೊನೆಗೆ ಒಂದು ಸಾಲು: "ಇಲ್ಲಿ ಹೆಸರಿಸದ ಯಾವ ಬಳಕೆಗೂ ಅನುಮತಿ ಇಲ್ಲ, ಬೇರೆಯವರಿಗೆ ಫೋಟೊ ಕೊಡುವಂತಿಲ್ಲ."

ಫೆಬ್ರವರಿ ಕೊನೆಗೆ ಮತ್ತೆ ಮೌನ. ನನಗೆ ಸಾಕಾಗಿ ಹೋಗಿತ್ತು. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂತ ವಕೀಲರ ಹತ್ತಿರ ಹಾರಾಡಿದೆ. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ ಇದೆ. ಅವರು ಸಮಾಧಾನವಾಗಿ ಕೇಳಿದರು, "ನಿಮಗೆ ಅವರು ಜೈಲಿಗೆ ಹೋಗಬೇಕಾ, ದುಡ್ಡು ಬರಬೇಕಾ?" ಕೋರ್ಟಿನ ದಾರಿ ಇದ್ದೇ ಇದೆ ಅಂದರು. ಈ ಕಾಯ್ದೆಯಲ್ಲಿ ಹಕ್ಕುದಾರ ತಾನು ವಾಸ ಇರುವ ಕಡೆಯ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹಾಕಬಹುದು, ಹಾಗಾಗಿ ನಾನು ಬೆಂಗಳೂರಿಗೆ ಅಲೆಯಬೇಕಿಲ್ಲ, ಶಿವಮೊಗ್ಗ ಸಾಕು. ಈ ಒಂದು ಮಾತನ್ನು ನೋಟಿಸಿನಲ್ಲಿ ಸ್ಪಷ್ಟವಾಗಿ ಬರೆದರು. ನೋಟಿಸಿಗೆ 4,000. ಮಾರ್ಚ್ ಎರಡನೇ ವಾರ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಯಿತು, 15 ದಿನದ ಗಡುವು. ಹನ್ನೊಂದನೇ ದಿನಕ್ಕೆ ಫೋನ್ ಬಂತು. ಈ ಸಲ ಮಾತಾಡಿದ್ದು ಮಾಲೀಕರೇ.

ಅವರ ಮನೆಯವರದ್ದೂ ಕೊಪ್ಪದ ಕಡೆ ಅಡಿಕೆ ತೋಟ ಇದೆಯಂತೆ. ನಾನು ಅಪ್ಪ ಹೇಳಿದ ಚೇಣಿ ಮಾತನ್ನೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಹಂಗಾದ್ರೆ ಮುಂದಿನ ಎರಡು ವರ್ಷಕ್ಕೂ ಸೇರಿಸಿ ಒಂದು ಲೆಕ್ಕ ಹೇಳಿ" ಅಂದರು. ಅಲ್ಲಿಂದ ಮಾತು ಸಲೀಸಾಯಿತು.

ಹಳೆಯದಕ್ಕೆ ವೆಬ್‌ಸೈಟ್ 8,000, ಬ್ರೋಶರ್ 7,000, ಹೋರ್ಡಿಂಗ್ 10,000, ಸೇರಿ 25,000. ಕೇಳದೇ ಬಳಸಿದ್ದಕ್ಕೆ ದುಪ್ಪಟ್ಟು ಅಂದರೆ ಇನ್ನೂ 17,000 ಆಗಬೇಕಿತ್ತು. ಚೌಕಾಸಿ ಆಗಿ 8,000ಕ್ಕೆ ನಿಂತಿತು. ಮುಂದಿನದಕ್ಕೆ ವೆಬ್‌ಸೈಟ್, ಅವರ ಎರಡು ಸೋಶಿಯಲ್ ಮೀಡಿಯಾ ಖಾತೆ, ಹೆಸರಿಸಿದ ಎರಡು ಬುಕಿಂಗ್ ಸೈಟ್, ವರ್ಷಕ್ಕೆ 14,000. 2025ರ ಸೆಪ್ಟೆಂಬರ್ 1ರಿಂದ 2027ರ ಆಗಸ್ಟ್ 31ರವರೆಗೆ, ಎರಡು ವರ್ಷಕ್ಕೆ 1.7ರ ಲೆಕ್ಕದಲ್ಲಿ 23,800. ಅದನ್ನು 24,000 ಮಾಡಿದೆವು. ಎಲ್ಲ ಸೇರಿ 57,000. ಹೋರ್ಡಿಂಗ್ ಇದರಲ್ಲಿ ಸೇರಿಲ್ಲ. ಬೇಕಾದಾಗ ಒಂದಕ್ಕೆ ಮೂರು ತಿಂಗಳಿಗೆ 10,000, ಪ್ರತಿ ಸಲ ಮೊದಲೇ ಬರಹದಲ್ಲಿ ಕೇಳಬೇಕು.

"ಈ ಫೋಟೊ ಬೇರೆ ರೆಸಾರ್ಟಿಗೆ ಕೊಡಬೇಡಿ" ಅಂತಲೂ ಕೇಳಿದರು. ಅದು ಬೇರೆ ವಿಷಯ. ಆಗ ನಾನು ಬೇರೆ ಕಡೆಯಿಂದ ಬರಬಹುದಾದ ದುಡ್ಡನ್ನು ಬಿಡಬೇಕಾಗುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಎರಡು ಜಿಲ್ಲೆಯ ವಸತಿ ವ್ಯವಹಾರಗಳಿಗೆ ಎರಡು ವರ್ಷ ಕೊಡುವುದಿಲ್ಲ ಅಂತ ಬರೆದುಕೊಡುತ್ತೇನೆ, ಅದಕ್ಕೆ ಇನ್ನೂ 24,000 ಅಂದೆ. ಬೇಡ ಅಂದರು.

ಮುಗಿಯಿತು ಅಂದುಕೊಂಡರೆ ಅವರ ಆಫೀಸಿನಿಂದ ಒಂಬತ್ತು ಪುಟದ ಕರಾರು ಪತ್ರ ಬಂತು. ಸಹಿ ಹಾಕಿ ಕಳಿಸಿ ಅಂತ. ಬಾಯಿಮಾತಲ್ಲಿ ಎರಡು ವರ್ಷ ಅಂತ ಆಗಿತ್ತು. ಪತ್ರದಲ್ಲಿ "ಶಾಶ್ವತವಾಗಿ", "ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ", "ಬೇರೆಯವರಿಗೂ ಅನುಮತಿ ಕೊಡುವ ಹಕ್ಕಿನೊಂದಿಗೆ" ಅಂತ ಇಂಗ್ಲಿಷಿನಲ್ಲಿ ಆರನೇ ಪುಟದಲ್ಲಿ ಕೂತಿತ್ತು. ಬೇಕಂತಲೇ ಮಾಡಿದ್ದು ಅನ್ನಲಾರೆ, ಯಾವುದೋ ಹಳೆ ಮಾದರಿಯನ್ನೇ ಕಳಿಸಿರಬಹುದು. ಆದರೆ ಸಹಿ ಹಾಕಿದ್ದರೆ 57,000ಕ್ಕೆ ಫೋಟೊ ಮಾರಿದ ಹಾಗೇ. ವಕೀಲರು ಎರಡು ಪುಟದಲ್ಲಿ ಬೇರೆ ಬರೆದುಕೊಟ್ಟರು, 3,000. ಅದರಲ್ಲಿ ನಾನು ಕಲಿತ ಒಂದು ಸಾಲು: ಪೂರ್ತಿ ಹಣ ಬಂದ ದಿನದಿಂದ ಮಾತ್ರ ಅನುಮತಿ ಜಾರಿ. ಹಣ ಬಾರದಿದ್ದರೆ ಅನುಮತಿಯೇ ಇಲ್ಲ. 500 ರೂಪಾಯಿ ಇ-ಸ್ಟಾಂಪ್ ಪೇಪರ್ ಮೇಲೆ ಮಾಡಿಸಿದೆವು. ಹೀಗೆ ಹೋಗಿ ಬಂದು ಸಹಿ ಆಗುವಾಗ ಮೇ ಕೊನೆ, ಮಳೆ ಶುರುವಾಗಿತ್ತು.

ದುಡ್ಡು ಬಂದದ್ದು ಜೂನ್ ಮೂರನೇ ವಾರ. 57,000 ಅಲ್ಲ, 51,300. ನನ್ನ ಎದೆ ಧಸಕ್ಕೆಂದಿತು. ಫೋನ್ ಮಾಡಿದರೆ ಅಕೌಂಟೆಂಟ್ ಟಿಡಿಎಸ್ ಅಂದರು. ಕೃತಿಸ್ವಾಮ್ಯದ ಬಳಕೆಗೆ ಕೊಡುವ ದುಡ್ಡು ರಾಯಲ್ಟಿ ಲೆಕ್ಕ. ಕಂಪನಿಯವರು ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಗೆ 50,000 ದಾಟಿ ಕೊಟ್ಟರೆ ಶೇ. 10 ಹಿಡಿಯಬೇಕು. 2025ರ ಮಾರ್ಚ್‌ವರೆಗೆ ಈ ಮಿತಿ 30,000 ಇತ್ತು, ಏಪ್ರಿಲಿಂದ 50,000 ಆಗಿದೆ. ಮಿತಿ ದಾಟಿದರೆ ಮೇಲಿನ ಏಳು ಸಾವಿರಕ್ಕೆ ಮಾತ್ರ ಅಲ್ಲ, ಪೂರ್ತಿ ಮೊತ್ತಕ್ಕೆ ಹಿಡಿಯುತ್ತಾರೆ. ನನ್ನ ಪ್ಯಾನ್ ಕೊಟ್ಟಿದ್ದರಿಂದ ಶೇ. 10, ಕೊಡದಿದ್ದರೆ ಶೇ. 20 ಆಗುತ್ತಿತ್ತು. ಆ 5,700 ಕಳೆದುಹೋದ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ನಮ್ಮ ತೆರಿಗೆಗೆ ಜಮಾ ಆಗುತ್ತದೆ, ತೆರಿಗೆ ಬರದಿದ್ದರೆ ವಾಪಸ್ ಬರುತ್ತದೆ. ಅದಕ್ಕೆ ದಾಖಲೆಯೇ ಫಾರ್ಮ್ 16ಎ. ಜೂನ್‌ವರೆಗಿನ ಮೂರು ತಿಂಗಳದ್ದು ಆಗಸ್ಟ್ ಮಧ್ಯದೊಳಗೆ ಕೊಡಬೇಕು. ಎರಡು ಸಲ ನೆನಪು ಮಾಡಿ ತರಿಸಿಕೊಂಡೆ.

ಬಿಲ್ಲಿಗೆ ಜಿಎಸ್‌ಟಿ ನಂಬರ್ ಬೇಕೇ ಬೇಕು ಅಂತಲೂ ಒಂದು ವಾರ ಹಿಡಿದಿಟ್ಟಿದ್ದರು. ವರ್ಷದ ವಹಿವಾಟು 20 ಲಕ್ಷದೊಳಗೆ ಇರುವುದರಿಂದ ನನಗೆ ನೋಂದಣಿ ಬೇಕಿಲ್ಲ. ಅದನ್ನು ಬಿಲ್ಲಿನಲ್ಲೇ ಒಂದು ಸಾಲು ಬರೆದು ಕಳಿಸಿದ ಮೇಲೆ ಒಪ್ಪಿದರು. ಬಿಲ್ಲಿನಲ್ಲಿ "ಫೋಟೊಗ್ರಫಿ ಕೆಲಸ" ಅಂತ ಬರೆಯಬೇಡಿ, ಆಮೇಲೆ ಅದನ್ನೇ ಹಿಡಿದು ದುಡ್ಡು ಕೊಟ್ಟು ತೆಗೆಸಿದ್ದು ಅಂತ ಹೇಳಲು ದಾರಿ ಆಗುತ್ತದೆ. "ಫೋಟೊ ಬಳಕೆ ಅನುಮತಿ ಶುಲ್ಕ" ಅಂತ ಬರೆದು, ಫೈಲ್ ನಂಬರ್, ಬಳಕೆ, ಆರಂಭದ ದಿನ, ಮುಗಿಯುವ ದಿನ ಹಾಕಿ.

ವಕೀಲರಿಗೆ ಒಟ್ಟು 8,500, ಸ್ಟಾಂಪ್ 500, ಶಿವಮೊಗ್ಗಕ್ಕೆ ಆರೇಳು ಸಲ ಓಡಾಟ, ಪೋಸ್ಟು, ಪ್ರಿಂಟು ಸೇರಿ ಇನ್ನೊಂದು ಎರಡು ಸಾವಿರ. ಮೂರು ಸಣ್ಣ ಕಾರ್ಯಕ್ರಮ ಈ ತಲೆಬಿಸಿಯಲ್ಲಿ ಬಿಟ್ಟೆ. ಮೊದಲೇ ಸರಿಯಾದ ಇಮೇಲ್ ಬರೆದು, ಆಗಸ್ಟ್ ಮುಗಿಯುವ ಮೊದಲು "ಅವಧಿ ಮುಗಿಯುತ್ತಿದೆ, ನವೀಕರಿಸುತ್ತೀರಾ" ಅಂತ ಒಂದು ಮಾತು ಕೇಳಿದ್ದರೆ ಇದರಲ್ಲಿ ಅರ್ಧದಷ್ಟು ತಪ್ಪುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಒಂದು ವಿಷಯದಲ್ಲಿ ನನ್ನ ಅದೃಷ್ಟ. ಆ ಫೋಟೊದಲ್ಲಿ ಗುರುತು ಸಿಗುವ ಜನ ಯಾರೂ ಇರಲಿಲ್ಲ. ಕೊನೆ ಇಳಿಸುವವರೋ, ಅಡಿಕೆ ಸುಲಿಯುವ ಹೆಂಗಸರೋ ಇದ್ದಿದ್ದರೆ ಜಾಹೀರಾತಿಗೆ ಅವರ ಒಪ್ಪಿಗೆ ಪತ್ರವೂ ಬೇಕಾಗುತ್ತಿತ್ತು. ಈಗ ಅಂಥ ಫೋಟೊ ತೆಗೆದ ದಿನವೇ ಕೇಳಿ ಸಹಿ ಮಾಡಿಸಿಕೊಳ್ಳುತ್ತೇನೆ.

ಮೊನ್ನೆ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿದ್ದರು. ದಸರಾ ಸೀಸನ್ನಿಗೆ ಶಿವಮೊಗ್ಗದಲ್ಲಿ ಒಂದು, ಸಾಗರ ರಸ್ತೆಯಲ್ಲಿ ಒಂದು ಹೋರ್ಡಿಂಗ್ ಹಾಕಬೇಕಂತೆ, ಎರಡು ತಿಂಗಳು ಸಾಕಂತೆ. "ಮೊದಲೇ ಕೇಳ್ತಿದ್ದೀನಿ ನೋಡಿ ಸರ್" ಅಂದರು. ಎರಡು ತಿಂಗಳಿಗೆ ಒಂದಕ್ಕೆ 8,000ದಂತೆ 16,000 ಅಂತ ಇಮೇಲ್ ಕಳಿಸಿದ್ದೇನೆ, ಎರಡೂ ಜಾಗದ ಹೆಸರು ಮತ್ತು ಇಳಿಸಬೇಕಾದ ದಿನಾಂಕ ಬರೆದು. ಇನ್ನೂ ಉತ್ತರ ಬಂದಿಲ್ಲ.